ಮಿಥುನದ ಮನೆಯ ಕುಜ

ಒಂದು ಜಾತಕ ಮನೆಯಿಂದ ಹೊರಗೆ ಹೋಗಿ ಬರಲು ಎಷ್ಟು ಖರ್ಚು ಬೀಳುತ್ತದೆ ಎಂಬುದು ಉಣ್ಣಾಮಲೈಗೆ ಬಾಯಿಪಾಠವಾಗಿತ್ತು. ಒಳ್ಳೆಯ ಬಿಳಿ ಹಾಳೆಗೆ ನಾಲ್ಕಾಣೆ. ಆರಣಿಯಿಂದ ಚೆಯ್ಯಾರಿಗೆ ಬಸ್ಸಿನಲ್ಲಿ ಹೋಗಿಬರಲು ಹನ್ನೆರಡು ರೂಪಾಯಿ. ದಲ್ಲಾಳಿ ಬಂದಾಗಲೆಲ್ಲ ಅವನ ಕೈಗೆ ಹತ್ತು, ಹೊಟ್ಟೆಗೆ ಊಟ. ಗಂಡಿನ ಕಡೆಯವರು ಹೆಣ್ಣು ನೋಡಲು ಬಂದರೆ ಕೇಸರಿ, ಬಜ್ಜಿ, ಕಾಫಿ, ಮಲ್ಲಿಗೆ ಎಲ್ಲ ಸೇರಿ ಎಂಬತ್ತು. ಈ ಎಂಬತ್ತು ಮಾತ್ರ ಅವಳಿಗೆ ಹೆಚ್ಚು ಸಲ ಖರ್ಚಾಗಲಿಲ್ಲ. ಹದಿನಾರು ವರ್ಷದಲ್ಲಿ ನಲವತ್ತೊಂದು ನಕಲು ಹೊರಗೆ ಹೋಗಿದ್ದವು. ಮನೆಯವರೆಗೆ ಬಂದ ಗಂಡಿನವರು ಐದೇ ಐದು. ಉಳಿದವರೆಲ್ಲ ಹಾಳೆ ನೋಡಿ, ಹುಡುಗಿಯನ್ನು ನೋಡದೆಯೇ ಬೇಡವೆಂದರು.

ಹಾಳೆಯಲ್ಲಿ ಬೇರೆ ಕೊರತೆ ಇರಲಿಲ್ಲ. ಮಗಳು ತಿಲಕವತಿ ಹುಟ್ಟಿದ್ದು ಪುರಟ್ಟಾಸಿ ತಿಂಗಳ ಒಂದು ಬೆಳಗ್ಗೆ, ತುಲಾ ಲಗ್ನ, ಶತಭಿಷ ನಕ್ಷತ್ರ. ಆದರೆ ಲಗ್ನದಿಂದ ಎಂಟನೆಯ ಮನೆ ವೃಷಭದಲ್ಲಿ ಕುಜ ಕೂತಿದ್ದ. ಎಂಟರ ಕುಜ ಗಂಡನನ್ನು ತಿನ್ನುತ್ತಾನೆ ಎಂದು ನಲವತ್ತೊಂದು ಮನೆಯವರೂ ಒಂದೇ ಮಾತು ಹೇಳಿದರು. ಪೋಳೂರಿನ ಮೇಷ್ಟರ ಮಗನಿಗೂ ಇವಳಿಗೂ ಜಾತಕದ ಹೊಂದಿಕೆ ನೋಡುವ ಹತ್ತು ಪೊರುತ್ತಗಳಲ್ಲಿ ಎಂಟು ಕೂಡಿತ್ತು. ಆ ಹುಡುಗ ತಾನೇ ಸೈಕಲ್ ತುಳಿದುಕೊಂಡು ಬಂದು ಬೀದಿಯ ತುದಿಯಲ್ಲಿ ನಿಂತು ಹೋಗಿದ್ದ. ಅವನ ತಾಯಿಯೂ ಕುಜನ ಹೆಸರು ಹೇಳಿ ಹಾಳೆ ವಾಪಸು ಕಳಿಸಿದಳು. ಆಗ ತಿಲಕವತಿಗೆ ಇಪ್ಪತ್ತೆರಡು. ಈಗ ಮೂವತ್ತಾರು. ಬಾಲವಾಡಿಯಲ್ಲಿ ಊರವರ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು.

ಇಂಥ ಹೊತ್ತಿನಲ್ಲಿ ಚೆಯ್ಯಾರಿನ ಕುಪ್ಪಮ್ಮಾಳ್ ತಾನಾಗಿ ಹುಡುಕಿಕೊಂಡು ಬಂದಳು. ಅವಳ ಮಗ ಪಚ್ಚಯಪ್ಪನಿಗೆ ನಲವತ್ತಮೂರು, ಸಹಕಾರ ಸಂಘದಲ್ಲಿ ಕೆಲಸ. ಅವನಿಗೂ ಏಳರಲ್ಲಿ ಕುಜ. ದೋಷಕ್ಕೆ ದೋಷ ಕೂಡಿದರೆ ಎರಡೂ ಕಳೆಯುತ್ತವೆ ಎಂದು ಅವಳು ವರ್ಷಗಳಿಂದ ದೋಷದ ಹೆಣ್ಣನ್ನೇ ಹುಡುಕುತ್ತಿದ್ದಳು.

“ನಿನ್ನ ಮಗಳ ಕುಜ, ನನ್ನ ಮಗನ ಕುಜ ಇಬ್ಬರೂ ಒಂದೇ ಜಗಲಿ ಮೇಲೆ ಕೂತು ಜಗಳ ಆಡ್ಕೊಳ್ಲಿ ಬಿಡಮ್ಮ, ನಾವು ನೆಮ್ಮದಿಯಾಗಿ ಮೊಮ್ಮಗೂನ ಆಡಿಸೋಣ,” ಎಂದು ನಕ್ಕಳು.

ಹೆಣ್ಣು ನೋಡುವ ದಿನ ಪಚ್ಚಯಪ್ಪ ಒಂದೇ ಮಾತು ಕೇಳಿದ. “ದಿನಾ ಮೂವತ್ತು ಮಕ್ಕಳ ಗಲಾಟೆ ಕೇಳಿದವರಿಗೆ ನಮ್ಮ ಮನೆ ತೀರಾ ಸಪ್ಪೆ ಅನ್ಸಲ್ವಾ?”

“ನಿಮ್ಮ ಅಮ್ಮ ಇದಾರಲ್ಲ, ಮೂವತ್ತು ಮಕ್ಕಳಿಗೆ ಸಮ,” ಎಂದಳು ತಿಲಕವತಿ.

ಮೊದಲು ನಕ್ಕಿದ್ದು ಕುಪ್ಪಮ್ಮಾಳೇ. ಮಗಳು ಗಂಡಸಿನ ಎದುರು ತಲೆಯೆತ್ತಿ ಮಾತಾಡಿದ್ದನ್ನು ಉಣ್ಣಾಮಲೈ ಅವತ್ತೇ ನೋಡಿದ್ದು.

ಮುಹೂರ್ತ ಇಡುವ ಮುಂಚೆ ಕುಪ್ಪಮ್ಮಾಳ್ ಹೇಳಿ ಕಳಿಸಿದಳು: ನಮ್ಮ ಜೋಯಿಸರು ನಕಲು ನೋಡಿ ದಿನ ಇಡುವುದಿಲ್ಲ, ಹುಟ್ಟಿದಾಗ ಬರೆಸಿದ ಮೂಲ ಹಾಳೆ ಬೇಕು, ಶುಕ್ರವಾರ ತನ್ನಿ.

ಮೂಲ ಹಾಳೆ ಟ್ರಂಕಿನ ತಳದಲ್ಲಿ, ತೀರಿಹೋದ ಗಂಡನ ರೇಷ್ಮೆ ಪಂಚೆಯ ಮಡಿಕೆಯಲ್ಲಿತ್ತು. ಹದಿನಾರು ವರ್ಷದ ಹಿಂದೆ ಉಣ್ಣಾಮಲೈಯ ತಮ್ಮ ಏಕಾಂಬರಂ ಅದನ್ನು ನೋಡಿ ಒಂದು ನಕಲು ಬರೆದಿದ್ದ. ಮೂಲ ಸವೆಯದಿರಲಿ ಎಂದು ಅವಳು ಅದನ್ನು ಒಳಗಿಟ್ಟಳು. ಆಮೇಲಿನ ನಲವತ್ತು ನಕಲೂ ಆ ಮೊದಲ ನಕಲನ್ನು ನೋಡಿ ಬರೆದವು.

ಗುರುವಾರ ಮಧ್ಯಾಹ್ನ ಹಾಳೆ ಬಿಚ್ಚಿ, ಪಕ್ಕದಲ್ಲಿ ನಕಲನ್ನಿಟ್ಟಳು. ಜಾತಕ ಓದಲು ಅವಳಿಗೆ ಬಾರದು. ಆದರೆ ಮೂವತ್ತು ವರ್ಷ ಮಗ್ಗದ ಮನೆಯಲ್ಲಿ ಬಾಳಿದವಳು; ಸೀರೆ ಅಂಚಿನ ನಕ್ಷೆಯನ್ನು ಚೌಕ ಚೌಕವಾಗಿ ಹೋಲಿಸಿ ನೋಡಿದ ಕಣ್ಣು. ಒಂದು ಚೌಕ ಆಚೀಚೆಯಾದರೆ ನವಿಲಿನ ಕೊಕ್ಕು ಬೆನ್ನ ಮೇಲೆ ಬರುತ್ತದೆ. ಅದೇ ಅಭ್ಯಾಸದಲ್ಲಿ ಬೆರಳಿಟ್ಟು ಬಂದಳು. ಕೆಳಸಾಲಿನಲ್ಲಿ ಲಗ್ನ, ಸರಿ. ಬಲ ಮೂಲೆಯಲ್ಲಿ ಸೂರ್ಯ, ಬುಧ, ಸರಿ. ಎಡಗಡೆ ಕುಂಭದಲ್ಲಿ ಚಂದ್ರ, ಸರಿ. ಮೇಲಿನ ಸಾಲು. ಮೀನ, ಮೇಷ, ವೃಷಭ, ಕೊನೆಗೆ ಬಲ ಮೂಲೆಯ ಮಿಥುನ. ನಕಲಿನಲ್ಲಿ ಕುಜನ ಗುರುತು, ಚೆವ್ವಾಯ್ ಎಂಬುದರ ‘ಚೆ’ ಅಕ್ಷರ, ಮೂರನೆಯ ಚೌಕದಲ್ಲಿತ್ತು. ಮೂಲದಲ್ಲಿ ನಾಲ್ಕನೆಯದರಲ್ಲಿತ್ತು.

ಕಣ್ಣುಜ್ಜಿಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಮೂಲೆಯಲ್ಲಿ ಹಳೆಯ ಅರಿಶಿನ ಒಣಗಿ ಚಕ್ಕೆ ಎದ್ದಿತ್ತು. ಚಕ್ಕೆ ಉದುರಿದ ಕಡೆ ಎರಡು ಚೌಕಗಳ ನಡುವಿನ ಗೆರೆ ಕಪ್ಪಗೆ ಕಾಣುತ್ತಿತ್ತು. ‘ಚೆ’ ಆ ಗೆರೆಯ ಬಲಕ್ಕೆ, ಗೆರೆಗೆ ಒತ್ತಿಕೊಂಡು ಕೂತಿತ್ತು.

ಏಕಾಂಬರಂ ಬಂದು ನೋಡಿದವನು ಗೋಡೆಗೆ ಒರಗಿ ಕೂತುಬಿಟ್ಟ.

“ಅಕ್ಕಾ, ಅವತ್ತು ಆ ಮೂಲೆ ಪೂರ್ತಿ ಹಸಿ ಅರಿಶಿನ. ಗೆರೆ ಕಾಣ್ತಾನೇ ಇರ್ಲಿಲ್ಲ. ಅಕ್ಷರ ಒಂದು ಮಾತ್ರ ಇಣುಕ್ತಿತ್ತು. ಎಡಗಡೆ ಮನೆಯದೇ ಇರಬೇಕು ಅಂದ್ಕೊಂಡೆ.”

“ಕೇಳಬಾರದಿತ್ತೇನೋ?”

“ಯಾರನ್ನ ಕೇಳಲಿ? ಬರೆದ ಜೋಯಿಸ ಸತ್ತು ಎಷ್ಟೋ ವರ್ಷ ಆಗಿತ್ತು.” ಹಾಳೆಯ ಮೂಲೆಯನ್ನು ಬೆರಳಲ್ಲಿ ಸವರಿ ಕೇಳಿದ, “ಅಷ್ಟು ಅರಿಶಿನ ಯಾರು ಹಚ್ಚಿದ್ದು ಅಕ್ಕಾ?”

ಹಚ್ಚಿದ್ದು ಅವಳೇ. ಮಗಳ ಜಾತಕ ಮೊದಲ ಸಲ ಮನೆಯ ಹೊಸಿಲು ದಾಟುತ್ತದೆ ಎಂದು, ನಕಲು ಬರೆಯುವ ಮುಂಚೆ ಮೂಲ ಹಾಳೆಯ ನಾಲ್ಕು ಮೂಲೆಗೂ ಮುಟ್ಟಿಸಬೇಕಾದ್ದನ್ನು ಹೆಬ್ಬೆರಳಲ್ಲಿ ಮೆತ್ತಿದ್ದಳು. ಶುಭಕ್ಕೆ ಕೈ ಹಿಡಿತ ಯಾಕೆ ಎಂದುಕೊಂಡಿದ್ದಳು.

ಸಂಜೆ ಬಾಲವಾಡಿಯಿಂದ ಬಂದ ಮಗಳಿಗೆ ಹೇಳದಿರಲು ಆಗಲಿಲ್ಲ. ತಿಲಕವತಿ ಎರಡೂ ಹಾಳೆ ನೋಡಿದಳು. ಅತ್ತಾಳು ಎಂದುಕೊಂಡಿದ್ದರು. ಅಳಲಿಲ್ಲ.

“ಹಾಗಾದ್ರೆ ನಂಗೆ ದೋಷಾನೇ ಇಲ್ಲ.”

“ಇಲ್ಲ ಕಣೇ.”

“ಪೋಳೂರಿನವರು ಬೇಡ ಅಂದಾಗಲೂ ಇರ್ಲಿಲ್ಲ.”

ಅವಳು ಚೆಂಬಿನ ನೀರು ಕುಡಿದು, ಬಾಯಿ ಒರೆಸಿಕೊಂಡು, ಬಾಲವಾಡಿಯ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. “ಅಮ್ಮಾ, ಒಂದಿಷ್ಟು ಅರಿಶಿನ ಕಲಸು. ಅದೇ ಮೂಲೆಗೆ ಹಚ್ಚು. ಮಾಮನಿಗೆ ಕಂಡ ಹಾಗೇ ಅವರ ಜೋಯಿಸನಿಗೂ ಕಾಣಲಿ.”

“ಏನು ಮಾತಾಡ್ತಿದೀಯ? ಅವನಿಗೆ ಏಳರಲ್ಲಿ ಕುಜ. ಅದಕ್ಕೆ ಎದುರಾಗಿ ನಿನಗೂ ಕುಜ ದೋಷ ಇಲ್ಲ ಅಂದ್ರೆ ಏಟು ಯಾರಿಗೆ ಬೀಳುತ್ತೆ? ವರ್ಷ ತುಂಬೋದ್ರೊಳಗೆ ಆ ದೋಷ ನಿನ್ನ ತಿಂದುಬಿಡುತ್ತೆ!”

“ತಿನ್ನಲಿ. ಇಲ್ಲಿ ಕೂತು ಏನು ಉಳಿದಿದೀನಿ ಅಂತ?”

“ತಿಲಕಾ!”

“ಒಂದು ವರ್ಷ ಆದ್ರೂ ನನ್ನ ಮನೇಲಿ ನಾನು ಇರ್ತೀನಲ್ಲಮ್ಮ. ಒಂದೇ ಒಂದು ವರ್ಷ. ಹದಿನಾರು ವರ್ಷ ತಪ್ಪು ಹಾಳೆ ನಂಬಿದ್ರಿ, ಇನ್ನೊಂದು ದಿನ ನಂಬಿ.”

ಏಕಾಂಬರಂ ತಲೆ ತಗ್ಗಿಸಿ, “ಅವಳು ಹೇಳೋದೂ ಸರಿ ಅನ್ಸುತ್ತೆ ಅಕ್ಕಾ,” ಎಂದ.

“ನೀನು ಬಾಯಿ ಮುಚ್ಚು. ನಿನ್ನ ಕಣ್ಣಿಗೆ ಕಂಡಿದ್ದು ಸಾಕು.”

ಉಣ್ಣಾಮಲೈ ಒಳಕ್ಕೆ ಹೋದಳು. ಅರಿಶಿನದ ಡಬ್ಬಿ ತೆಗೆದಳು, ಬಟ್ಟಲಿಗೆ ನೀರನ್ನೂ ಹಾಕಿದಳು. ಕಲಸಲು ಬೆರಳಿಟ್ಟವಳಿಗೆ ಮಗಳನ್ನು ಚಟ್ಟದ ಮೇಲೆ ಮಲಗಿಸಿದ ಹಾಗೆ ಕಣ್ಣ ಮುಂದೆ ಬಂತು. ಆ ಅರಿಶಿನ ಮಗಳ ಕೆನ್ನೆಯ ಮೇಲೆ ಕಂಡಿತು. ಬಟ್ಟಲನ್ನು ಬಚ್ಚಲಿಗೆ ಚೆಲ್ಲಿ ಬಂದಳು. ನಂಬಿಕೆ ಎಂಬುದು ಬೇಕಾದಾಗ ಉಟ್ಟು ಬೇಡವಾದಾಗ ಬಿಚ್ಚಿಡುವ ಸೀರೆಯಾಗಿರಲಿಲ್ಲ ಅವಳಿಗೆ.

ಶುಕ್ರವಾರ ಚೆಯ್ಯಾರಿನ ಜೋಯಿಸರ ಜಗಲಿಯ ಮೇಲೆ ಎರಡೂ ಹಾಳೆಗಳನ್ನು ಅವಳೇ ಇಟ್ಟಳು. ಕುಪ್ಪಮ್ಮಾಳ್ ಕಂಬಕ್ಕೊರಗಿ ಕೂತಿದ್ದಳು. ಏಕಾಂಬರಂ ನಡೆದದ್ದನ್ನು ಹೇಳಿದ. ಜೋಯಿಸರು ಒಳಗಿನಿಂದ ತಿಲಕವತಿ ಹುಟ್ಟಿದ ವರ್ಷದ ಪಂಚಾಂಗ ತಂದು, ಆ ತಿಂಗಳ ಪುಟ ತೆರೆದು ಬೆರಳೋಡಿಸಿದರು. ಮತ್ತೊಂದು ಸಲ ಓಡಿಸಿದರು.

“ಮೂಲಾನೇ ಸರಿ. ಅವತ್ತು ಕುಜ ಮಿಥುನದಲ್ಲಿ. ಲಗ್ನದಿಂದ ಒಂಬತ್ತು, ಚಂದ್ರನಿಂದ ಐದು. ಶುಕ್ರನಿಂದ ಎಣಿಸಿದ್ರೂ ಹನ್ನೊಂದು. ಯಾವ ಕಡೆಯಿಂದಲೂ ದೋಷ ಇಲ್ಲ.”

“ಇಷ್ಟು ಜೋಯಿಸರು ನೋಡಿದ್ರಲ್ಲ ಸಾಮಿ, ಒಬ್ಬರಿಗೂ ಗೊತ್ತಾಗ್ಲಿಲ್ವೇ?” ಉಣ್ಣಾಮಲೈ ಕೇಳಿದಳು.

“ಹೇಗೆ ಗೊತ್ತಾಗುತ್ತಮ್ಮ? ಬುಧನನ್ನ ಸೂರ್ಯನಿಂದ ನಾಲ್ಕು ಮನೆ ಆಚೆ ಬರೆದಿದ್ರೆ ಮೊದಲನೇ ಜೋಯಿಸನೇ ಹಾಳೆ ಬಿಸಾಕ್ತಿದ್ದ, ಬುಧ ಅಷ್ಟು ದೂರ ಹೋಗೋದೇ ಇಲ್ಲ. ರಾಹು ಒಂದು ಮನೆ ಜರುಗಿದ್ರೆ ಎದುರಿಗೆ ಕೇತು ಇಲ್ಲ ಅಂತ ತಕ್ಷಣ ಸಿಕ್ಕಿಬೀಳುತ್ತೆ. ಕುಜ ಹಾಗಲ್ಲ. ಹನ್ನೆರಡರಲ್ಲಿ ಯಾವ ಮನೇಲಾದ್ರೂ ಕೂರಬಹುದು. ತಪ್ಪು ಮನೇಲಿ ಕೂತ್ರೂ ಅವನ ಮುಖ ನೋಡಿ ಹೇಳಕ್ಕಾಗಲ್ಲ. ಬರೀ ಬೇಡ ಅನ್ನೋಕೆ ಹಳೇ ಪಂಚಾಂಗ ತೆಗೆದು ನೋಡೋಷ್ಟು ಪುರುಸೊತ್ತು ಯಾರಿಗಿತ್ತು?”

ಕುಪ್ಪಮ್ಮಾಳ್ ಎದ್ದು ಬಂದು ಉಣ್ಣಾಮಲೈಯ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. ಬಯ್ದಿದ್ದರೆ ಚೆನ್ನಾಗಿತ್ತು.

“ನೀನು ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ನಿನ್ನ ಹೊಟ್ಟೆ ತಣ್ಣಗಿರಲಿ. ಆದ್ರೆ ಗೊತ್ತಿದ್ದೂ ಗೊತ್ತಿದ್ದೂ ನಿನ್ನ ಮಗೂನ ನನ್ನ ಮಗನ ಕುಜನ ಬಾಯಿಗೆ ಹೇಗಮ್ಮ ಹಾಕಲಿ? ನಾಳೆ ಏನಾದ್ರೂ ಆದ್ರೆ ನಿನ್ನ ಮುಖ ಹೇಗೆ ನೋಡಲಿ?”

“ಪರಿಹಾರ ಏನಾದ್ರೂ ಇದ್ರೆ…” ಎಂದ ಏಕಾಂಬರಂ.

ಜೋಯಿಸರು ಪಂಚಾಂಗ ಮುಚ್ಚಿದರು. “ಏಳರ ಕುಜನಿಗೆ ಪರಿಹಾರ ಅಂದ್ರೆ ದೋಷ ಇರೋ ಹೆಣ್ಣೇ. ಈ ಹುಡುಗಿಗೆ ಬೇಕಾಗಿರೋದು ಶುದ್ಧ ಜಾತಕದ ಗಂಡು.”

“ಮೂವತ್ತಾರಕ್ಕೆ?” ಎಂದಳು ಉಣ್ಣಾಮಲೈ.

ಜೋಯಿಸರು ದಕ್ಷಿಣೆಯನ್ನು ಮುಟ್ಟಲಿಲ್ಲ.

ಬಸ್ಸಿನಲ್ಲಿ ಏಕಾಂಬರಂ ಆರಣಿ ಬರುವವರೆಗೂ ಮುಖಕ್ಕೆ ಟವೆಲು ಹಾಕಿಕೊಂಡೇ ಕೂತಿದ್ದ. ಮನೆಯಲ್ಲಿ ತಿಲಕವತಿ ಬಾಗಿಲಲ್ಲೇ ನಿಂತಿದ್ದಳು. ತಾಯಿಯ ಮುಖ ನೋಡಿ ಕೇಳುವುದನ್ನು ಬಿಟ್ಟು ಒಳಗೆ ಹೋಗಿ, ಅಕ್ಕಿ ಆರಿಸಲು ಕೂತಳು.

“ನಿನ್ನ ಜೀವ ಉಳೀಲಿ ಅಂತ ಮಾಡಿದೆ ಕಣೇ,” ಎಂದಳು ಉಣ್ಣಾಮಲೈ.

“ಉಳೀತು,” ಎಂದಳು ತಿಲಕವತಿ, ತಲೆಯೆತ್ತದೆ.

ಏಕಾಂಬರಂ ಹೊಸ ಹಾಳೆಯಲ್ಲಿ ಅಳತೆಪಟ್ಟಿ ಹಿಡಿದು ಗೆರೆ ಎಳೆದು, ಪ್ರತಿ ಅಕ್ಷರವನ್ನೂ ಅದರದರ ಚೌಕದಲ್ಲಿಟ್ಟು ಜಾತಕವನ್ನು ಮತ್ತೆ ಬರೆದುಕೊಟ್ಟ. ದಲ್ಲಾಳಿ ಅದನ್ನು ಮೂರು ಮನೆಗೆ ಒಯ್ದ. ಈಗ ಕುಜನ ಮಾತು ಯಾರೂ ಎತ್ತಲಿಲ್ಲ. ವಯಸ್ಸು ಕೇಳಿದರು, ಮಡಚಿ ವಾಪಸು ಕೊಟ್ಟರು. ನಾಲ್ಕನೆಯ ಸಲ ಅವನು ಬಂದಾಗ ತಿಲಕವತಿ ಹಾಳೆ ಕೊಡಲಿಲ್ಲ. ತೈ ತಿಂಗಳಲ್ಲಿ ಪಚ್ಚಯಪ್ಪನಿಗೆ ವಂದವಾಸಿಯ ಒಂದು ದೋಷದ ಹೆಣ್ಣಿನ ಜೊತೆ ಮದುವೆಯಾಯಿತು. ಕುಪ್ಪಮ್ಮಾಳ್ ಕರೆಯೋಲೆ ಕಳಿಸಿದ್ದಳು, ಇವರು ಹೋಗಲಿಲ್ಲ.

ಉಣ್ಣಾಮಲೈಗೆ ದಕ್ಕಿದ್ದು ಒಂದು ತಪ್ಪಿಲ್ಲದ ಜಾತಕ, ಮತ್ತು ಬದುಕಿರುವ ಮಗಳು. ಹೋದದ್ದು ಮಗಳ ಮದುವೆ. ಆ ಶುಕ್ರವಾರದಿಂದ ತಿಲಕವತಿ ಅವಳನ್ನು ಅಮ್ಮಾ ಎಂದು ಕರೆಯಲಿಲ್ಲ, ಅದೂ ಹೋಯಿತು.