ಅಪ್ಪ ನುಂಗಿದ ಆರನೆಯದು

ಹೊಂದಿಸಿ ಬರೆಯುವ ಪ್ರಶ್ನೆ ಕಣ್ಣಿದ್ದವರಿಗೆ ಆಟ. ಗೆರೆ ಎಳೆದರೆ ಮುಗಿಯಿತು. ನನ್ನಂಥ ಕುರುಡಿ ಎರಡೂ ಪಟ್ಟಿಗಳನ್ನು ತಲೆಯಲ್ಲೇ ಹೊತ್ತುಕೊಂಡಿರಬೇಕು. ಟೈಲರ್ ಅಪ್ಪ ಅದಕ್ಕೊಂದು ಉಪಾಯ ಕಲಿಸಿದ್ದ: ಎಡಗೈ ಬೆರಳುಗಳು ಮೊದಲ ಪಟ್ಟಿ, ಬಲಗೈಯವು ಎರಡನೆಯದು. ಖಾತ್ರಿಯಿದ್ದ ಜೋಡಿಯನ್ನು ಮೊದಲು ಮಡಚು, ಅನುಮಾನದ್ದನ್ನು ಆಮೇಲೆ ನೋಡು. ಹೊಲಿಗೆ ಯಂತ್ರ ನಿಲ್ಲಿಸಿ ಅವನು ಎರಡೂ ಪಟ್ಟಿ ಓದುತ್ತಿದ್ದ. ಕೊನೆಯ ಜೋಡಿ ತಾನಾಗಿಯೇ ಮಡಿಲಿಗೆ ಬೀಳುತ್ತಿತ್ತು. ಎಂಥ ಸುಖದ ಸಂಜೆಗಳವು!

ಹತ್ತನೆಯ ತರಗತಿಯ ವಿಜ್ಞಾನ, ಸಮಾಜ ಎರಡರಲ್ಲೂ ಆಗಲೇ ಒಮ್ಮೆ ಡುಮ್ಕಿ ಹೊಡೆದಿದ್ದೆ; ಹೊಂದಿಸುವ ಪ್ರಶ್ನೆಗೆ ಬರುವ ಮೊದಲೇ ಹೊತ್ತು ಮುಗಿದಿತ್ತು. "ಈ ಸಲಾನೂ ಹೋದ್ರೆ ಓದು ಸಾಕು, ಮನೇಲಿರ್ಲಿ" ಎಂದು ದೊಡ್ಡಪ್ಪ ತೀರ್ಪು ಕೊಟ್ಟಾಗಿತ್ತು.

ಪರೀಕ್ಷೆಯ ಕೋಣೆಯಲ್ಲಿ ನನ್ನ ಪರವಾಗಿ ಬರೆಯಲು ಬಂದ ಹುಡುಗಿ ಓದಿದಳು: ಥರ್ಮಾಮೀಟರ್, ಲ್ಯಾಕ್ಟೋಮೀಟರ್, ಬ್ಯಾರೋಮೀಟರ್, ಅನಿಮೋಮೀಟರ್, ಹೈಗ್ರೋಮೀಟರ್. ಎರಡನೆಯ ಪಟ್ಟಿ: ಗಾಳಿಯ ವೇಗ, ಭೂಕಂಪ, ಉಷ್ಣತೆ, ಆರ್ದ್ರತೆ, ಹಾಲಿನ ಸಾಂದ್ರತೆ... ಐದು ಬೆರಳೂ ಮುಗಿದವು. ಅವಳು ನಿಲ್ಲಲಿಲ್ಲ.

"ವಾಯುಭಾರ."

"ಆರಾ? ಸರಿಯಾಗಿ ನೋಡು."

"ಆರೇ ಅಕ್ಕ. ಒಂದು ಜಾಸ್ತಿ ಕೊಟ್ಟಿರ್ತಾರಲ್ಲ, ಯಾವಾಗ್ಲೂ."

ಯಾವಾಗಲೂ! ಹಾಗಾದರೆ ಅಪ್ಪ ಇಷ್ಟು ದಿನ ಒಂದನ್ನು ನುಂಗಿಕೊಂಡೇ ಓದಿದ್ದಾನೆ. ಸಿಟ್ಟು ನೆತ್ತಿಗೇರಿತು.

ಉಷ್ಣತೆ, ಹಾಲು ಖಾತ್ರಿ. ವಾಯುಭಾರ ಬ್ಯಾರೋಮೀಟರಿಗೆ, ಮುಕ್ಕಾಲು ಖಾತ್ರಿ. ಅನಿಮೋಮೀಟರ್ ಎಂದರೆ ಗಾಳಿಗೆ ತಿರುಗುವ ಬಟ್ಟಲುಗಳು, ಶಾಲೆಯಲ್ಲಿ ಮುಟ್ಟಿ ನೋಡಿದ್ದೆ. ಉಳಿದದ್ದು ಹೈಗ್ರೋಮೀಟರ್ ಒಂದೇ, ಅದರೆದುರು ಭೂಕಂಪ, ಆರ್ದ್ರತೆ ಎರಡು. ಮಡಿಲಿಗೆ ಏನೂ ಬೀಳಲಿಲ್ಲ.

"ಉಳಿದಿರೋ ಎರಡನ್ನ ಮಾತ್ರ ಇನ್ನೊಂದ್ಸಲ ಓದು" ಎಂದೆ. ಓದಿದಳು. ಭೂಕಂಪಕ್ಕೆ ಸೀಸ್ಮೋಗ್ರಾಫ್ ಎಂದು ಎಲ್ಲೋ ಕೇಳಿದ್ದು ನೆನಪಾಯಿತು. ಅದು ಪಟ್ಟಿಯಲ್ಲೇ ಇಲ್ಲ. ಹಾಗಾದರೆ ಭೂಕಂಪವೇ ಹೆಚ್ಚಿನದು. "ಹೈಗ್ರೋಮೀಟರಿಗೆ ಆರ್ದ್ರತೆ ಬರಿ" ಎಂದೆ. ಆ ವರ್ಷ ಕೂದಲೆಳೆ ಅಂತರದಲ್ಲಿ ಪಾಸಾದೆ, ದೊಡ್ಡಪ್ಪನ ಬಾಯಿಗೆ ಬೀಗ ಬಿತ್ತು.

ಆದರೆ ಫಲಿತಾಂಶಕ್ಕಿಂತ ನನಗೆ ಪರೀಕ್ಷೆ ಬರೆದು ಬಂದ ಆ ಸಂಜೆಯೇ ಹೆಚ್ಚು ನೆನಪು. ಬಂದವಳೇ ಅಪ್ಪನ ಮೇಲೆ ಹರಿಹಾಯ್ದೆ.

"ಒಂದನ್ನ ಯಾಕಪ್ಪ ಬಿಟ್ಟು ಓದ್ತಿದ್ದೆ?"

ಯಂತ್ರದ ಸದ್ದು ನಿಂತಿತು. "ನಿನ್ ಕೈಲಿರೋದು ಐದೇ ಬೆರಳಲ್ವೇನೇ" ಎಂದ ಅಪ್ಪ, ಮೆಲ್ಲಗೆ. "ತಪ್ಪಿದ್ರೆ ನಿನ್ ಮುಖ ಸಣ್ಣಗಾಗೋದು. ನನಗದು ನೋಡಕ್ಕಾಗ್ತಿರ್ಲಿಲ್ಲ."

ನನಗೆ ಅಳು ಬಂತು. ಆದರೂ ಬಿಡಲಿಲ್ಲ. "ನಾಳೆ ಸಮಾಜ ಪರೀಕ್ಷೆ. ಈಗ ಪೂರ್ತಿ ಓದು."

ಅಪ್ಪ ಆರೂ ಓದಿದ. ನಾನು ಹೊಂದಿಸಿ ಹೇಳಿದೆ. ಅವನು ಉತ್ತರದ ಪುಟ ಮಗುಚಿದ ಸದ್ದು ಕೇಳಿತು.

"ಕೊನೇದು ತಪ್ಪು ಮಗಳೇ" ಎಂದ. ಅಪ್ಪ ನನಗೆ ತಪ್ಪು ಎಂದದ್ದು ಅದೇ ಮೊದಲು. ಇನ್ನು ಅವನು ಏನನ್ನೂ ನುಂಗುವುದಿಲ್ಲವೆಂದು ನನಗೆ ಎಲ್ಲಿಲ್ಲದ ಧೈರ್ಯ ಬಂತು.