ಯಾರ ಮನೆ ಸೂತಕ

ಹೊಸ್ತಿಲ ಪಕ್ಕದ ದೀಪಕ್ಕೆ ಎಣ್ಣೆ ಬಿಟ್ಟು ಮಾನಸ ಕಡ್ಡಿ ಗೀರುವುದಕ್ಕೂ ಮನೆ ಒಡತಿ ಗಂಗಲಕ್ಷ್ಮಮ್ಮ ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಬರುವುದಕ್ಕೂ ಸರಿಹೋಯಿತು. ಮಹಡಿಯ ಈ ಇಬ್ಬರು ಬಾಡಿಗೆಯ ಹುಡುಗಿಯರು ಬಾಗಿಲು ತೆರೆದಾಗಲೆಲ್ಲ ಸರಿಯಾಗಿ ಆಕೆಯ ಬಟ್ಟೆ ಒಣಗಿರುತ್ತಿದ್ದವು.

"ಅಲ್ಲ ಕಣಮ್ಮ, ನಿಮ್ಮಜ್ಜಿ ನಿನ್ನೆ ತಾನೆ ಹೋಗವ್ರೆ. ಸೂತಕದಾಗೆ ದೀಪ ಹಚ್ತಾ ಇದೀಯಲ್ಲ?"

ಕಡ್ಡಿ ಉರಿದು ಮಾನಸಳ ಬೆರಳು ಚುರುಕ್ ಎಂದಿತು. ಸತ್ತದ್ದು ಅವಳ ಜೊತೆಗಿರುವ ಯಶೋಧರಾಳ ಅಜ್ಜಿ, ಮಿಡಿಗೇಶಿಯ ಚಿಕ್ಕಹನುಮಕ್ಕ. ಆದರೆ ಈ ಮನೆಯ ಮಟ್ಟಿಗೆ ಆಕೆ ಮಾನಸಳಿಗೂ ಅಜ್ಜಿಯೇ. ಅಣ್ಣತಮ್ಮಂದಿರ ಮಕ್ಕಳು ಎಂದು ಹೇಳಿಕೊಂಡೇ ಇಬ್ಬರಿಗೂ ಮಧುಗಿರಿಯಲ್ಲಿ ಈ ಮನೆ ಸಿಕ್ಕಿತ್ತು.

ಇದಕ್ಕೆ ಮುಂಚೆ ಶಿರಾದಲ್ಲಿ ಗೆಳತಿಯರು ಎಂದು ಹೇಳಿಕೊಂಡಿದ್ದರು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿ, ಒಂದೇ ಮಂಚ ಇರುವುದನ್ನು ಬೀದಿಗೆಲ್ಲ ಹಂಚಿದ ಮೇಲೆ ಮಾಲೀಕನಿಗೆ ಇದ್ದಕ್ಕಿದ್ದಂತೆ ಮಗಳಿಗಾಗಿ ಮನೆ ಬೇಕಾಯಿತು. ಇಲ್ಲಿ ಬಂದು ಸುತ್ತಿದರೆ ಎಲ್ಲ ಕಡೆ ಒಂದೇ ಪಾಠ: ಫ್ಯಾಮಿಲಿಗೆ ಮಾತ್ರ. ಸರಿ, ಫ್ಯಾಮಿಲಿಯಾದರು. ಯಾರ ಪೈಕಿ ಎಂದು ಗಂಗಲಕ್ಷ್ಮಮ್ಮ ಜಾತಿ ಕೇಳಿದಾಗ ಮಾನಸ ಲಿಂಗಾಯತರು ಎಂದಳು. ಯಶೋಧರಾ ಗೋಡೆಯ ಕ್ಯಾಲೆಂಡರ್ ನೋಡಿದಳು. ಕರಾರು ಪತ್ರಕ್ಕೆ ಮಾನಸಳ ಆಧಾರ್ ಜೆರಾಕ್ಸ್ ಒಂದನ್ನೇ ಕೊಟ್ಟರು. ಯಶೋಧರಾಳದ್ದೂ ಕೊಟ್ಟರೆ ಅವಳ ತಂದೆಯ ಹೆಸರು ಕಾಣುತ್ತಿತ್ತು, ಹೆಸರಿನಲ್ಲೇ ಜಾತಿಯೂ. ಕಂಡವರ ಕಣ್ಣಿಗಾಗಿ ಇನ್ನೊಂದು ಮಂಚವನ್ನೂ ಕೊಂಡರು. ಅದರ ಮೇಲೆ ಮಡಿಸದ ಬಟ್ಟೆಗಳು ಹಾಯಾಗಿ ಮಲಗಿದ್ದವು.

ಇಷ್ಟೆಲ್ಲ ಯೋಚಿಸಿದವರಿಗೆ ಸೂತಕದ ಯೋಚನೆ ಬಂದಿರಲಿಲ್ಲ. ಕೊರಟಗೆರೆಯ ಮನೆಯಲ್ಲಿ ತಾತ ತೀರಿಕೊಂಡ ಸಂಜೆಯೂ ಮಾನಸಳ ಅವ್ವ ದೀಪ ಹಚ್ಚಿದ್ದಳು. ಲಿಂಗ ಕಟ್ಟಿಕೊಂಡವರಿಗೆ ಸೂತಕವೆಲ್ಲಿಯದು?

"ನಮ್ಮಲ್ಲಿ ಸೂತಕ ಹಿಡಿಯಲ್ಲ ಆಂಟಿ," ಎಂದಳು. ಈ ಮನೆಗೆ ಬಂದ ಮೇಲೆ ಆಡಿದ ಮೊದಲ ನಿಜ ಅದು.

"ಹೂಂ, ಕೇಳಿದೀನಿ. ಅಂಗಾದ್ರೆ ಬುಡು. ಶುಕ್ರವಾರ ನಮ್ಮನೇಲಿ ಪೂಜೆ, ಅರಿಶಿನ ಕುಂಕುಮಕ್ಕೆ ಇಬ್ರೂ ಬಂದ್ಬುಡಿ." ಮೆಟ್ಟಿಲಿಳಿಯುತ್ತ ಆಕೆ ತಿರುಗಿದಳು. "ಅಜ್ಜಿ ಮಣ್ಣಿಗೆ ನೀನ್ಯಾಕೆ ಹೋಗ್ಲಿಲ್ಲ?"

"ಲ್ಯಾಬಲ್ಲಿ ರಜೆ ಕೊಡಲಿಲ್ಲ."

ಬಂದರೆ ಒಬ್ಬಳೇ ಬಾ ಎಂದು ಯಶೋಧರಾಳ ಅಪ್ಪ ಭೀಮರಾಜು ಮಗಳಿಗೆ ಫೋನಿನಲ್ಲಿ ಹೇಳಿದ್ದ.

ಶುಕ್ರವಾರ ಮಧ್ಯಾಹ್ನ ಹಾಲುತುಪ್ಪ ಮುಗಿಸಿಕೊಂಡು ಯಶೋಧರಾ ಬಂದಳು. ಕಣ್ಣು ಊದಿಕೊಂಡಿದ್ದವು. ಕೈಯಲ್ಲಿ ಅಜ್ಜಿಯ ಎಲೆಅಡಿಕೆ ಚೀಲವಿತ್ತು. ತಾಯಿಯಿಲ್ಲದ ಅವಳನ್ನು ಸಾಕಿದವಳು ಆ ಅಜ್ಜಿ. ಮೊಮ್ಮಗಳಿಗೆ ಟೀಚರ್ ಕೆಲಸ ಸಿಕ್ಕಾಗ ಊರಿಗೆಲ್ಲ ಅದೇ ಚೀಲದಿಂದ ಎಲೆ ಹಂಚಿದ್ದಳಂತೆ. ಮಾನಸ ನಡೆದದ್ದನ್ನು ಹೇಳಿದಳು. ಹೇಳುವಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಒಳ್ಳೇದಾಯ್ತು ಬುಡು," ಎಂದಳು ಯಶೋಧರಾ. "ನಮ್ಮತ್ತೆದೀರೆಲ್ಲ ಅಲ್ಲಿ ಹಣೆ ಬರಿದು ಮಾಡ್ಕೊಂಡು ಕೂತವ್ರೆ. ನಾನಿಲ್ಲಿ ಕುಂಕುಮ ಇಟ್ಕೊಂಡು ನಗ್ತೀನಿ. ಇನ್ನೊಂದು ಮನೆ ಹುಡುಕೋ ಶಕ್ತಿ ನಂಗಿಲ್ಲ ಕಣೆ."

ಸಂಜೆ ಮುಖ ತೊಳೆದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಚೀಲವನ್ನು ದಿಂಬಿನ ಕೆಳಗಿಟ್ಟು ಅವಳು ಮಂಚದ ತುದಿಯಲ್ಲಿ ಕುಳಿತಳು. ಏಳಬೇಕೆಂದು ಎರಡು ಸಲ ಸೆರಗು ಸರಿಮಾಡಿಕೊಂಡಳು, ಏಳಲಾಗಲಿಲ್ಲ. ಇವರು ಬಾರದ್ದು ಕಂಡು ಗಂಗಲಕ್ಷ್ಮಮ್ಮನೇ ತಟ್ಟೆ ಹಿಡಿದು ಮೇಲೆ ಬಂದಳು.

ಮಾನಸ ಬಾಗಿಲಿಗೆ ಅಡ್ಡ ನಿಂತಳು. "ಬೇಡ ಆಂಟಿ. ಅವಳಿಗೆ ಸೂತಕ."

"ನಿಮ್ಮಲ್ಲಿ ಇಲ್ಲ ಅಂದ್ಯಲ್ಲ?"

"ನಮ್ಮ ಮನೇಲಿಲ್ಲ. ಅವಳ ಮನೇಲಿದೆ."

ಗಂಗಲಕ್ಷ್ಮಮ್ಮ ಒಳಗೆ ನೋಡಿದಳು. ಬಟ್ಟೆ ಹೇರಿದ ಮಂಚವನ್ನೂ, ಇನ್ನೊಂದು ಮಂಚದಲ್ಲಿ ತಲೆ ತಗ್ಗಿಸಿ ಕುಳಿತವಳನ್ನೂ ನಿಧಾನವಾಗಿ ನೋಡಿದಳು. ಕೇಳಬೇಕಾದ ಮಾತು ಆಕೆಯ ಬಾಯಿಗೆ ಬಂದು ನಿಂತಿತ್ತು. ಕೇಳಲಿಲ್ಲ. ಕುಂಕುಮದ ಬೆರಳನ್ನು ಮಾನಸಳ ಹಣೆಗೆ ಚಾಚಿದಳು.

"ಅಂಗಾದ್ರೆ ನಿನಗಾದ್ರೂ ಇಡ್ತೀನಿ, ಬಾ."

ಅಷ್ಟಕ್ಕೆ ಹಣೆಯೊಡ್ಡಿದ್ದರೆ ಮನೆ ಉಳಿಯುತ್ತಿತ್ತೇನೋ. ಮಾನಸ ಒಂದು ಹೆಜ್ಜೆ ಹಿಂದೆ ಸರಿದಳು.

"ನಂಗೂ ಸೂತಕ, ಆಂಟಿ."

ಬೆರಳು ಗಾಳಿಯಲ್ಲೇ ನಿಂತಿತು. ಆಮೇಲೆ ಗಂಗಲಕ್ಷ್ಮಮ್ಮ ಅದನ್ನು ತಟ್ಟೆಯ ಅಂಚಿಗೆ ಒರೆಸಿ, ಮೆಟ್ಟಿಲಿಳಿದು ಹೋದಳು.

ಮಾನಸ ಹೊಸ್ತಿಲ ದೀಪವನ್ನು ಒಳಗೆ ತಂದು, ಎಣ್ಣೆ ಬಸಿದು, ಮೂಲೆಯಲ್ಲಿ ಬೋರಲು ಹಾಕಿದಳು. ಕೆಳಗೆ ಗಂಗಲಕ್ಷ್ಮಮ್ಮ ಗಂಡನೊಡನೆ ಸಣ್ಣ ದನಿಯಲ್ಲಿ ಮಾತಾಡುವುದು ಕೇಳುತ್ತಿತ್ತು. ಯಶೋಧರಾ ದಿಂಬಿನಡಿಯಿಂದ ಚೀಲ ತೆಗೆದಳು. ಒಳಗೆ ಬಾಡಿದ ಒಂದೇ ಎಲೆ ಇತ್ತು. ಅದನ್ನು ಎರಡಾಗಿ ಹರಿದು, ಅರ್ಧವನ್ನು ಮಾನಸಳ ಕೈಯಲ್ಲಿಟ್ಟಳು.