ನೈಲಾನ್ ಗಿಯರ್, ಒಂದು ಮೊಳ ಮಲ್ಲಿಗೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಸುಳ್ಳು ಹೇಳುವುದಿಲ್ಲ, ಅದರಿಂದ ನನ್ನ ಕೆಲಸವೂ ಒಂದಿಷ್ಟು ನಡೆದಿದೆ. ಪೀಣ್ಯ ಎರಡನೇ ಹಂತದಲ್ಲಿ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು, ಎರಡು ತ್ರೀಡಿ ಪ್ರಿಂಟರ್ ಇಟ್ಟುಕೊಂಡು, ಎಲ್ಲೂ ಸಿಗದ ಬಿಡಿಭಾಗಗಳನ್ನು ಮಾಡಿಕೊಡುವ ಹೆಂಗಸು ಮೆತ್ತಗಿದ್ದರೆ ಆದೀತೇ? ಅಳತೆ ತೆಗೆಯುವುದು, ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು, ಗಿರಾಕಿಗಳ ಜೊತೆ ಜಗಳವಾಡುವುದು ನನ್ನ ಪಾಲು. ಪ್ರಿಂಟರ್ ಓಡಿಸುವುದು ಸಂಗಣ್ಣನ ಪಾಲು. ಬಾದಾಮಿ ಕಡೆಯವನು, ಎರಡು ಮಕ್ಕಳ ತಂದೆ, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು.

ಶುಕ್ರವಾರ ಬೆಳಿಗ್ಗೆ ನಾನು ಶೆಡ್ಡಿನಲ್ಲಿ ಪೂಜೆ ಮಾಡುತ್ತೇನೆ. ಗಣಪತಿ ಫೋಟೋಗೆ ಒಂದು ಮೊಳ ಮಲ್ಲಿಗೆ, ಕೆಲಸದ ಸಾಮಾನಿಗೆ ಒಂದು ಮೊಳ. ಸಂಜೆ ನೋಡಿದರೆ ಫೋಟೋದ ಮೇಲೆ ಎರಡು ಮೊಳ ಹೂವು ಇರುತ್ತಿತ್ತು. ಸಂಗಣ್ಣನೂ ತಂದು ಹಾಕುತ್ತಾನೆ, ಪಾಪ, ಭಕ್ತ ಎಂದುಕೊಂಡು ಸುಮ್ಮನಿದ್ದೆ.

ಮೊನ್ನೆ ಒಂದು ಬುಧವಾರ ದುರ್ಗವ್ವ ಬಂದಳು. ನಾಗಸಂದ್ರದ ಹತ್ತಿರ ಸಣ್ಣ ಮನೆಯಲ್ಲಿ ಜೋಳದ ರೊಟ್ಟಿ ಮಾಡಿ, ಉತ್ತರ ಕರ್ನಾಟಕದಿಂದ ಬಂದ ಕಟ್ಟಡದ ಕೆಲಸದವರಿಗೂ ಎರಡು ಮೆಸ್‌ಗಳಿಗೂ ಕೊಡುವವಳು. ಅವಳ ರೊಟ್ಟಿ ಮೆಷಿನ್ನಿನ ರೋಲರ್ ತಿರುಗಿಸುವ ಗಿಯರಿನ ಹಲ್ಲು ಉದುರಿತ್ತು. ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು. ಮೆಷಿನ್ ನಿಂತ ಮೇಲೆ ಎಲ್ಲವನ್ನೂ ಕೈಯಲ್ಲೇ ಬಡಿದು ಬಡಿದು ಅವಳ ಮಣಿಕಟ್ಟು ಬಾತಿತ್ತು.

ಮೊದಲ ಗಿಯರನ್ನು ಗುರುವಾರ ಮಾಡಿದೆವು. ಅರ್ಧ ಆಗುವಷ್ಟರಲ್ಲಿ ಒಂದು ಬದಿ ಬೆಡ್ಡಿನಿಂದ, ಅಂದರೆ ಪ್ರಿಂಟರಿನ ಬಿಸಿ ಹಲಗೆಯಿಂದ, ಎದ್ದು, ಬಿಸಿಲಿಗಿಟ್ಟ ಹಪ್ಪಳದ ಹಾಗೆ ಮುರುಟಿತು. ನೈಲಾನ್ ತಣ್ಣಗಾಗುವಾಗ ಕುಗ್ಗುತ್ತದೆ. ಒಂದು ಕಡೆ ಬೇಗ ತಣ್ಣಗಾದರೆ ಅಂಚು ಎಳೆದು ಮೇಲೇಳುತ್ತದೆ.

"ಏನ್ ಸಂಗಣ್ಣ ಇದು? ಗಿಯರ್ ಕೇಳಿದ್ರೆ ದೋಣಿ ಮಾಡಿಟ್ಟಿದ್ಯಲ್ಲ."

"ಶಟರ್ ಗಾಳಿ ಬಡದೈತ್ರಿ ಮೇಡಂ. ಪ್ರಿಂಟರ್ ಬಾಗ್ಲಾ ತಗದು ನೋಡಿದ್ರಲ್ರಿ ನೀವು. ಬೆಡ್ಡಿಗಿ ಗೋಂದೂ ತೆಳ್ಳಗಾಗಿತ್ತು, ಅದು ನಂದ ತಪ್ಪು."

ಬಾಗಿಲು ತೆಗೆದದ್ದು ನಾನೇ, ನಿಜ. ಅವನು ಬೆಡ್ಡನ್ನು ತೊಳೆದು ಒರೆಸಿ ಗ್ಲೂ ಸ್ಟಿಕ್ಕನ್ನು ಹೊಸದಾಗಿ ಹಚ್ಚಿದ. ಗಿಯರಿನ ಸುತ್ತ ಹಿಡಿತಕ್ಕೆಂದು ಬ್ರಿಮ್, ಅಂದರೆ ಆಮೇಲೆ ಕತ್ತರಿಸಿ ತೆಗೆಯುವ ತೆಳು ಅಂಚನ್ನು, ಸೇರಿಸಿಟ್ಟ. ಮಾರನೆಯ ದಿನ ಮಗಳ ಶಾಲೆಯ ಕೆಲಸಕ್ಕೆಂದು ರಜೆ ಹಾಕಿದ. ಶುಕ್ರವಾರದ ಪೂಜೆಯನ್ನು ನಾನೊಬ್ಬಳೇ ಮಾಡಿದೆ.

ಶನಿವಾರ, ಭಾನುವಾರ ಕರೆಂಟಿರಲಿಲ್ಲ. ಸೋಮವಾರ ಎರಡನೆಯ ಗಿಯರ್. ಪ್ರಿಂಟರಿನ ಬಾಗಿಲು ಮುಚ್ಚಿತ್ತು, ಫ್ಯಾನ್ ಆಫ್, ಬೆಡ್ಡಿಗೆ ತೊಂಬತ್ತು ಡಿಗ್ರಿ ಶಾಖ. ಮುಗಿದ ಮೇಲೂ ಬೆಡ್ಡು ತಾನಾಗಿ ತಣ್ಣಗಾಗುವ ತನಕ ಸಂಗಣ್ಣ ಮುಟ್ಟಲಿಲ್ಲ, ನನ್ನನ್ನೂ ಮುಟ್ಟಲು ಬಿಡಲಿಲ್ಲ. ಗಿಯರು ತಟ್ಟೆಯ ಹಾಗೆ ಚಪ್ಪಟೆಯಾಗಿ ಬಂತು. ಆದರೆ ಮೈಯೆಲ್ಲ ಒರಟು, ಹಲ್ಲುಗಳ ನಡುವೆ ಕೂದಲಿನಂಥ ಎಳೆಗಳು. ಪ್ರಿಂಟ್ ಆಗುವಾಗ ಕರಗಿದ ಎಳೆ ಇಳಿಯುವ ನಾಝಲ್ ತುದಿಯಲ್ಲಿ ಚಟಪಟ ಸದ್ದನ್ನು ನಾನೂ ಕೇಳಿದ್ದೆ. ಗಿಯರ್ ಒಯ್ಯಲು ಬಂದು ಕೂತಿದ್ದ ದುರ್ಗವ್ವನ ಎದುರಿಗೇ ಇಕ್ಕಳದಲ್ಲಿ ಒಂದು ಹಲ್ಲನ್ನು ಒತ್ತಿದೆ. ಟಕ್ ಎಂದು ಪದರದುದ್ದಕ್ಕೂ ಕಿತ್ತು ಬಂತು.

ಇದು ತೇವದ ಕೆಲಸ. ನೈಲಾನ್ ಗಾಳಿಯಲ್ಲಿರುವ ನೀರನ್ನೇ ಕುಡಿಯುತ್ತದೆ. ನೀರು ಕುಡಿದ ಎಳೆ ಇನ್ನೂರೈವತ್ತು ಡಿಗ್ರಿ ದಾಟಿದ ನಾಝಲಿಗೆ ಬಂದರೆ ನೀರು ಆವಿಯಾಗಿ ಗುಳ್ಳೆಯೇಳುತ್ತದೆ, ಪದರಗಳು ಸರಿಯಾಗಿ ಅಂಟುವುದಿಲ್ಲ. ಅದಕ್ಕೇ ನೈಲಾನ್ ಎಳೆಯ ಸುರುಳಿಯನ್ನು ಡ್ರೈ ಬಾಕ್ಸಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿಟ್ಟು, ಅಲ್ಲಿಂದಲೇ ಒಂದು ಕೊಳವೆಯಲ್ಲಿ ಪ್ರಿಂಟರಿಗೆ ಎಳೆ ಬಿಡುತ್ತೇವೆ. ತೇವ ತೋರಿಸುವ ಮೀಟರಿನ ಸೆಲ್ ಸತ್ತು ತಿಂಗಳಾಗಿತ್ತು. ತರುತ್ತೇನೆ ಎಂದಿದ್ದವಳು ನಾನೇ, ಆದರೆ ಆಗ ಅದು ನೆನಪಾಗಲಿಲ್ಲ.

"ಮುಚ್ಚಳ ತೆಗೆದಿಟ್ಟು ರಜ ಹಾಕ್ಬಿಟ್ಯಾ?" ಎಂದೆ. "ಈ ಕೆಲಸದಲ್ಲಿ ಇರೋದೇ ಒಂದು ನಿಯಮ, ಅದೂ ನಿನ್ನ ಕೈಲಿ ಆಗ್ಲಿಲ್ಲ. ಇನ್ನೊಂದು ಗಿಯರ್ ಹಿಂಗೇ ಆದ್ರೆ ನಾಳಿದ್ದಿಂದ ಬರ್ಬೇಡ."

ಮಾತು ಆಡಿದರೆ ಹೋಯಿತು. ಸಂಗಣ್ಣನ ಮುಖ ಕಪ್ಪಿಟ್ಟಿತು. ಈ ಸಂಬಳದ ಮೇಲೆ ಅವನ ಮಕ್ಕಳ ಶಾಲೆ ನಿಂತಿದೆ, ನನಗೆ ಗೊತ್ತು. ಗೊತ್ತಿದ್ದೂ ಅಂದೆ.

"ಮುಚ್ಚಿ ಹೋಗಿದ್ನಿರಿ," ಎಂದಷ್ಟೇ ಹೇಳಿ ಬಾಕ್ಸಿನ ಮುಚ್ಚಳ ತೆಗೆದ. ನೀಲಿ ಇರಬೇಕಿದ್ದ ಸಿಲಿಕಾ ಜೆಲ್ಲೆಲ್ಲ ತೇವ ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅವನು ಒಳಗೆ ಕೈ ಹಾಕಿದವನು ಒಂದು ಗಳಿಗೆ ನಿಂತ. ಆಮೇಲೆ ಮುಷ್ಟಿ ಬಿಗಿದು ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

"ನಂದ ತಪ್ರಿ ಮೇಡಂ. ನೋಡ್ಬೇಕಿತ್ತು," ಎಂದ.

ನಾನು ಗೆದ್ದೆನೆಂದುಕೊಂಡೆ. ಆದರೆ ದುರ್ಗವ್ವ ಅವನ ಪಕ್ಕದಲ್ಲೇ ಕೂತಿದ್ದಳು.

"ಏ ತಮ್ಮಾ, ಕಿಸೆದಾಗ ಏನ್ ಇಟಗೊಂಡಿ?"

"ಏನಿಲ್ಲಬೇ."

"ಏನಿಲ್ಲಂದ್ರ ತೋರ್ಸು."

ಹಿರಿಯಳ ಮಾತು, ತೆಗೆಯದೆ ವಿಧಿಯಿರಲಿಲ್ಲ. ಅಂಗೈ ಬಿಚ್ಚಿದ. ಒಂದು ಮೊಳ ಮಲ್ಲಿಗೆ. ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಪುಡಿಯಾಗುತ್ತಿತ್ತು.

ದುರ್ಗವ್ವ ಅದನ್ನು ಎತ್ತಿ ನೋಡಿದಳು. "ಖಡಕ್ ರೊಟ್ಟಿ ಬುಟ್ಟ್ಯಾಗ ಒಂದು ಬಿಸಿ ರೊಟ್ಟಿ ಇಟ್ರ ಎಲ್ಲಾ ಮೆತ್ತಗಾಗ್ತಾವ. ಈ ಹೂವಿನ ನೀರು ಎಲ್ಲಿ ಹೋತು ಮತ್ತ? ಮುಚ್ಚಿದ ಪೆಟ್ಟಿಗ್ಯಾಗ ಯಾರವ್ವಾ ಹೂವಿಟ್ಟವರು?"

ಯಾರು ಎಂದರೆ, ನಾನು. ಪ್ರಿಂಟರಿನ ಮೇಲಿಟ್ಟರೆ ಬಿಸಿಗೆ ಬಾಡುತ್ತದೆಂದು ಪ್ರತಿ ಶುಕ್ರವಾರ ಮುಚ್ಚಳ ತೆಗೆದು, ಸುರುಳಿಯ ನಡುವಿನ ತೂತಿನಲ್ಲಿ ಹೂವಿಟ್ಟು ಮುಚ್ಚುತ್ತಿದ್ದೆ. ನಮಗೆ ಅನ್ನ ಕೊಡುವುದು ಆ ಸುರುಳಿ ತಾನೇ ಎಂಬ ಭಕ್ತಿ. ಹಿಂದಿನ ವಾರದ ಬಾಡಿದ ಹೂವನ್ನು ಸಂಗಣ್ಣ ಎತ್ತಿ ಎಸೆದಿರಬೇಕು ಎಂದುಕೊಳ್ಳುತ್ತಿದ್ದೆ. ಆ ಹೂವಿನಲ್ಲಿ ನೀರಿದೆ ಎಂದು ಒಂದು ದಿನವೂ ಹೊಳೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆ.

"ಆದ್ರೆ ಇಷ್ಟು ದಿನ ಯಾಕೆ ಕೆಡ್ಲಿಲ್ಲ?" ಎಂದು ಕೇಳಿದೆ. ಕೇಳುವಾಗಲೇ ಕಣ್ಣು ಗಣಪತಿ ಫೋಟೋದ ಕಡೆ ಹೋಯಿತು. ಈ ವಾರ ಅದರ ಮೇಲೆ ಒಂದೇ ಮೊಳ ಹೂವಿತ್ತು.

ಸಂಗಣ್ಣ ತಲೆ ತಗ್ಗಿಸಿದ. "ನೀವು ಅತ್ಲಾಗ ಹೋದ ಮ್ಯಾಲ ತಗದು ದೇವ್ರಿಗಿ ಏರಸ್ತಿದ್ನಿರಿ. ಈ ಶುಕ್ರವಾರ ನಾ ಇರ್ಲಿಲ್ಲ."

"ಹೇಳ್ಬಾರ್ದಿತ್ತೇನೋ?"

"ಪೂಜಾದ ಹೂವು. ತಪ್ಪು ಅಂತ ಹೆಂಗ್ ಹೇಳ್ಲಿ ಮೇಡಂ?"

ನನಗೆ ನಾಚಿಕೆಯಾಯಿತು. ಕೋಪ ಬಂದಷ್ಟೇ ಬೇಗ ನನಗೆ ಅಳುವೂ ಬರುತ್ತದೆ, ಅದನ್ನು ಯಾರಿಗೂ ತೋರಿಸುವುದಿಲ್ಲ. ಅಂದು ಇಬ್ಬರೂ ನೋಡಿದರು. ಬೈದದ್ದು ದುರ್ಗವ್ವನ ಎದುರಿಗೆ, ಕ್ಷಮೆಯನ್ನೂ ಅವಳ ಎದುರಿಗೇ ಕೇಳಬೇಕು. "ತಪ್ಪು ನಂದು, ಸಂಗಣ್ಣ. ನೀನು ಇಲ್ಲೇ ಇರ್ಬೇಕು," ಎಂದೆ.

ಸುರುಳಿಯನ್ನು ಒಣಗಿಸುವ ಓವನ್ನಿನಲ್ಲಿ ಎಂಬತ್ತು ಡಿಗ್ರಿಯಲ್ಲಿ ಹನ್ನೆರಡು ಗಂಟೆ ಇಟ್ಟೆವು. ಸಿಲಿಕಾ ಜೆಲ್ಲನ್ನು ಬೇರೆಯಾಗಿ ಬಿಸಿ ಮಾಡಿದಾಗ ಮತ್ತೆ ನೀಲಿಯಾಯಿತು. ಮೀಟರಿಗೆ ಸೆಲ್ ತಂದೆ. ಮಂಗಳವಾರ ಮೂರನೆಯ ಗಿಯರ್ ಆಗುವಾಗ ನಾಝಲ್ ಹತ್ತಿರ ಕಿವಿಯಿಟ್ಟು ಕೂತೆ, ಪ್ರಿಂಟರಿನ ಬಾಗಿಲನ್ನು ಮಾತ್ರ ಮುಟ್ಟಲಿಲ್ಲ. ಚಟಪಟ ಇಲ್ಲ. ಹಲ್ಲು ನುಣುಪಾಗಿ ಬಂದವು. ಇಕ್ಕಳದಲ್ಲಿ ಒತ್ತಿದರೆ ಬಾಗಿ ಮತ್ತೆ ನೆಟ್ಟಗಾದವು. ದುರ್ಗವ್ವನ ಮನೆಗೆ ನಾವಿಬ್ಬರೂ ಹೋಗಿ ಕೂರಿಸಿದೆವು. ರೋಲರ್ ತಿರುಗಿತು, ಮೊದಲ ರೊಟ್ಟಿಯನ್ನು ಅವಳು ಸಂಗಣ್ಣನ ಕೈಗೇ ಕೊಟ್ಟಳು.

ಮುಂದಿನ ಶುಕ್ರವಾರ ಎರಡು ಮೊಳ ಮಲ್ಲಿಗೆ ತಂದೆ. ಒಂದನ್ನು ಫೋಟೋಗೆ ಏರಿಸಿ ಇನ್ನೊಂದನ್ನು ಸಂಗಣ್ಣನ ಮುಂದೆ ಹಿಡಿದೆ.

"ತಗೋ, ಇದನ್ನ ಮನೆಗೆ ತಗೊಂಡ್ಹೋಗು. ನಿನ್ನ ಮಗಳು ಮುಡ್ಕೊಳ್ಳಿ."